ಹಳೆಯ ಎ.ಸಿ.ಗೆ ಫೋನೇ ರಿಮೋಟ್

ಕೆಲವು ಫೋನುಗಳ ಮೇಲಂಚಿನಲ್ಲಿ, ಮೈಕಿನ ಸಣ್ಣ ರಂಧ್ರದ ಪಕ್ಕ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಕಪ್ಪು ಹೊಳಪಿನ ಚುಕ್ಕೆಯೊಂದು ಇರುತ್ತದೆ. ಅದೇ ಐಆರ್ ಬ್ಲಾಸ್ಟರ್. ಟಿ.ವಿ. ರಿಮೋಟಿನ ಮೂತಿಯಲ್ಲಿ ಕಾಣುವಂಥದೇ ಅವಗೆಂಪು ಎಲ್‌ಇಡಿ ಅದರ ಹಿಂದೆ ಅಡಗಿದೆ. ಆಂಡ್ರಾಯ್ಡ್‌ಗೆ ಈ ಸೌಲಭ್ಯ 2013ರಲ್ಲಿ, 4.4ನೇ ಆವೃತ್ತಿಯಲ್ಲಿ ಸೇರಿತು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಎಸ್4, ಎಸ್5, ಎಸ್6 ಫೋನುಗಳಲ್ಲಿ ಇದ್ದ ಚುಕ್ಕೆ ಎಸ್7ರಲ್ಲಿ ಮಾಯವಾಯಿತು. ಶಓಮಿಯ ರೆಡ್ಮಿ ಮತ್ತು ಪೊಕೊ ಸಾಲಿನ ಹಲವು ಫೋನುಗಳಲ್ಲಿ ಅದು ಆಮೇಲೂ ಉಳಿದುಕೊಂಡಿತು. ಐಫೋನಿನಲ್ಲಿ ಇದು ಯಾವತ್ತೂ ಇರಲಿಲ್ಲ.

ಎಲ್‌ಇಡಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇನ್ನೊಂದು ಫೋನಿನ ಸೆಲ್ಫಿ ಕ್ಯಾಮೆರಾ ಸಾಕು. ರಿಮೋಟ್ ಆ್ಯಪ್ ತೆರೆದು, ಕಪ್ಪು ಚುಕ್ಕೆಯನ್ನು ಆ ಕ್ಯಾಮೆರಾದತ್ತ ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಛಾಯೆಯ ಮಿಣುಕಾಗಿ ಕಾಣುತ್ತದೆ. ಕೋಣೆ ಕತ್ತಲಾಗಿದ್ದರೆ ಒಳ್ಳೆಯದು. ಹಿಂಬದಿಯ ಕ್ಯಾಮೆರಾದಲ್ಲಿ ಅವಗೆಂಪನ್ನು ತಡೆಯುವ ಗಾಜು ಬಲವಾಗಿರುವುದರಿಂದ ಅದರಲ್ಲಿ ಕಾಣದೆಯೂ ಇರಬಹುದು.

ಆ ಮಿಣುಕು ಸುಮ್ಮನೆ ಉರಿಯುವ ಬೆಳಕಲ್ಲ. ಹೆಚ್ಚಿನ ಉಪಕರಣಗಳಲ್ಲಿ ಅದು ಸೆಕೆಂಡಿಗೆ ಸುಮಾರು 38,000 ಸಲ ಮಿಡಿಯುತ್ತದೆ. ಕಿಟಕಿಯ ಬಿಸಿಲಿನಲ್ಲೂ ಹಳೆಯ ಬಲ್ಬಿನಲ್ಲೂ ಅವಗೆಂಪು ಧಾರಾಳವಾಗಿರುತ್ತದೆ. ಆದರೆ ಅವು ಆ ವೇಗದಲ್ಲಿ ಮಿಡಿಯುವುದಿಲ್ಲವಾದ್ದರಿಂದ ಟಿ.ವಿ. ಅಥವಾ ಎ.ಸಿ.ಯ ಒಳಗಿನ ಗ್ರಾಹಕ ಅವನ್ನು ಬದಿಗೆ ಸರಿಸಿ ರಿಮೋಟಿನ ಮಿಡಿತವನ್ನಷ್ಟೇ ಹಿಡಿಯುತ್ತದೆ. ಮಿಡಿತದ ನಡುವಿನ ಬಿಡುವು ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಹೀಗೆ ಸೊನ್ನೆ ಒಂದುಗಳ ಸರಪಳಿಯೊಂದು ಗಾಳಿಯಲ್ಲಿ ಸಾಗುತ್ತದೆ.

ಟಿ.ವಿ.ಯ ಮಟ್ಟಿಗೆ ಈ ಸರಪಳಿ ಸರಳ. ಒಂದು ಗುಂಡಿಗೆ ಒಂದೇ ಸಂಖ್ಯೆ. ಧ್ವನಿ ಏರಿಸುವ ಗುಂಡಿ ಇವತ್ತು ಕಳಿಸುವುದೂ ಹತ್ತು ವರ್ಷದ ಹಿಂದೆ ಕಳಿಸಿದ್ದೂ ಅದೇ. ಈಗ ಧ್ವನಿ ಎಷ್ಟಿದೆ ಎಂಬುದನ್ನು ನೆನಪಿಟ್ಟುಕೊಳ್ಳುವುದು ಟಿ.ವಿ.ಯೇ ಹೊರತು ರಿಮೋಟ್ ಅಲ್ಲ. ಹಾಗಾಗಿ ಫೋನಿನ ಆ್ಯಪ್‌ನಲ್ಲಿ ಕಂಪನಿಯ ಹೆಸರು ಆರಿಸಿ ಒಂದೆರಡು ಗುಂಡಿ ಪರೀಕ್ಷಿಸಿದರೆ ಬಹುಪಾಲು ಹಳೆಯ ಟಿ.ವಿ.ಗಳು ಓಗೊಡುತ್ತವೆ.

ಎ.ಸಿ.ಯದು ಬೇರೆಯೇ ಲೆಕ್ಕ. ಅದರ ರಿಮೋಟಿಗೆ ಪರದೆ ಕೊಟ್ಟಿರುವುದು ಅಂದಕ್ಕಲ್ಲ. ಎಷ್ಟು ಡಿಗ್ರಿ, ಯಾವ ಮೋಡ್, ಫ್ಯಾನಿನ ವೇಗ ಎಷ್ಟು ಎಂಬುದೆಲ್ಲ ರಿಮೋಟಿನ ನೆನಪಿನಲ್ಲೇ ಇರುತ್ತದೆ. ಯಾವ ಗುಂಡಿ ಒತ್ತಿದರೂ, ಬಹುತೇಕ ಮಾದರಿಗಳಲ್ಲಿ, ಆ ಇಡೀ ಪಟ್ಟಿ ಹೊಸದಾಗಿ ಹೊರಡುತ್ತದೆ. 'ಒಂದು ಡಿಗ್ರಿ ಇಳಿಸು' ಎಂಬ ಸಂದೇಶವೇ ಅಲ್ಲಿಲ್ಲ. ಇರುವುದು 'ಚಾಲೂ ಆಗು, ತಂಪು ಮಾಡು, 24 ಡಿಗ್ರಿ, ಫ್ಯಾನು ಜೋರು' ಎಂಬ ಪೂರ್ತಿ ವಾಕ್ಯ.

ಎಲ್‌ಜಿಯ ಹಳೆಯ ಎ.ಸಿ.ಗಳಲ್ಲಿ ಬಳಕೆಯಲ್ಲಿದ್ದ ಒಂದು ಬಗೆಯ ಸಂದೇಶವನ್ನು ಬಿಡಿಸಿ ನೋಡಿದರೆ ಇದು ಕಣ್ಣಿಗೆ ಕಟ್ಟುತ್ತದೆ. ಅದರಲ್ಲಿ ಏಳೇ ಅಂಕಿಗಳು. ಹತ್ತರಿಂದ ಹದಿನೈದರವರೆಗಿನ ಬೆಲೆಗಳನ್ನು `A`ಯಿಂದ `F`ವರೆಗಿನ ಅಕ್ಷರಗಳಲ್ಲಿ ಬರೆಯುವುದು ರೂಢಿ.

```
880094D   24 ಡಿಗ್ರಿ
8800B4F   26 ಡಿಗ್ರಿ
88C0051   ಆಫ್
```

ಮೊದಲ `88` ಎ.ಸಿ.ಯ ಗುರುತು. ನಂತರದ ಎರಡು ಸೊನ್ನೆಗಳು ಚಾಲೂ ಆಗಲು ಮತ್ತು ತಂಪು ಮಾಡಲು. ಐದನೆಯ ಅಂಕಿ ತಾಪಮಾನ, ಅದೂ 15 ಕಳೆದು ಬರೆದದ್ದು. ಹಾಗಾಗಿ 24 ಡಿಗ್ರಿಗೆ `9`, 26ಕ್ಕೆ `B`. ಮುಂದಿನ `4` ಫ್ಯಾನಿನ ಜೋರು ವೇಗ. ಕೊನೆಯದು ತಾಳೆ ನೋಡುವ ಅಂಕಿ, ಅಂದರೆ ಅದರ ಹಿಂದಿನ ನಾಲ್ಕು ಅಂಕಿಗಳ ಮೊತ್ತ. ಮೊದಲ ಸಾಲಿನಲ್ಲಿ 9ಕ್ಕೆ 4 ಕೂಡಿದರೆ 13, ಅದೇ `D`. ಆಫ್ ಮಾಡುವ ಸಾಲಿನಲ್ಲಿ 12ಕ್ಕೆ 5 ಕೂಡಿದರೆ 17. ಅದರಲ್ಲಿ 16 ಕಳೆದು ಉಳಿದ `1` ಕೊನೆಗೆ ನಿಂತಿದೆ. ತಾಳೆ ತಪ್ಪಿದ ಸಂದೇಶವನ್ನು ಎ.ಸಿ. ಕೇಳಿಸಿಕೊಳ್ಳುವುದೇ ಇಲ್ಲ. ಬೇರೆ ಕಂಪನಿಗಳ ಸಂದೇಶದ ಉದ್ದವೂ ಅಂಕಿಗಳ ಸ್ಥಾನವೂ ಬೇರೆ. ಒಂದೇ ಕಂಪನಿಯಲ್ಲೂ ಕಾಲಕಾಲಕ್ಕೆ ಬದಲಾಗಿವೆ.

ಎ.ಸಿ.ಗೆ ಫೋನು ಹೊಂದಿಸುವಾಗ ತಾಳ್ಮೆ ಬೇಕಾಗುವುದು ಇದಕ್ಕೇ. ಶಓಮಿಯ `Mi Remote`ನಂಥ ಆ್ಯಪ್‌ನಲ್ಲಿ ಎ.ಸಿ. ಎಂದು ಆರಿಸಿ ಕಂಪನಿಯ ಹೆಸರು ಒತ್ತಿದರೆ, ಅದು ತನ್ನಲ್ಲಿರುವ ಮಾದರಿಗಳನ್ನು ಒಂದೊಂದಾಗಿ ಪ್ರಯೋಗಿಸುತ್ತ, ಎ.ಸಿ. ಪ್ರತಿಕ್ರಿಯಿಸಿತೇ ಎಂದು ಕೇಳುತ್ತ ಹೋಗುತ್ತದೆ. 'ಬೀಪ್' ಕೇಳಿದ ಕೂಡಲೇ 'ಹೌದು' ಒತ್ತಿಬಿಡುವುದು ಸಾಮಾನ್ಯ ತಪ್ಪು. ಬೀಪ್ ಬಂದರೆ ಎ.ಸಿ.ಗೆ ಸಂದೇಶ ಅರ್ಥವಾಯಿತು ಎಂದಷ್ಟೇ ಗೊತ್ತಾಗುತ್ತದೆ. ತಾಪಮಾನವನ್ನು ಎರಡು ಬೇರೆ ಅಂಕಿಗಳಿಗೆ ಇಟ್ಟು ಎ.ಸಿ.ಯ ಫಲಕದಲ್ಲಿ ಅದೇ ಅಂಕಿ ಬಂತೇ, ಫ್ಯಾನಿನ ಸದ್ದು ಬದಲಾಯಿತೇ, ಆಫ್ ಎಂದಾಗ ಆಫ್ ಆಯಿತೇ ಎಂದು ನೋಡಿದ ಮೇಲೆಯೇ ಆ ಮಾದರಿಯನ್ನು ಒಪ್ಪಬೇಕು. ಕಂಪನಿಯ ಹೆಸರಿನಲ್ಲಿ ಯಾವುದೂ ಹೊಂದದಿದ್ದರೆ `Gree` ಅಥವಾ `Midea` ಹೆಸರಿನಲ್ಲಿ ಹುಡುಕುವುದು ಜಾಣತನ. ಈ ಎರಡು ಚೀನೀ ಕಂಪನಿಗಳು ತಯಾರಿಸಿದ ಎ.ಸಿ.ಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗಿವೆ.

ಪರೀಕ್ಷೆಯ ಭರದಲ್ಲಿ ಆನ್ ಆಫ್ ಮಾಡುತ್ತ ಹೋದರೆ ಇನ್ನೊಂದು ಗೊಂದಲ ಹುಟ್ಟುತ್ತದೆ. ಆಫ್ ಆದ ಕಂಪ್ರೆಸರ್ ಸಾಮಾನ್ಯವಾಗಿ ಮೂರು ನಿಮಿಷದವರೆಗೆ ಮತ್ತೆ ಶುರುವಾಗುವುದಿಲ್ಲ. ಒಳಗಿನ ಅನಿಲದ ಒತ್ತಡ ಸಮವಾಗಲೆಂದು ಮಾಡಿದ ಏರ್ಪಾಡು ಅದು. ಫ್ಯಾನು ತಿರುಗುತ್ತಿದೆ, ತಂಪು ಬರುತ್ತಿಲ್ಲ ಎಂದು ಸರಿಯಾದ ಮಾದರಿಯನ್ನೇ ಕೈಬಿಡುವವರು ಉಂಟು. ಐದು ನಿಮಿಷ ಕಾದು ನೋಡಿದರೆ ಸತ್ಯ ತಿಳಿಯುತ್ತದೆ.

ಯಾವ ಮಾದರಿಗೂ ಬೀಪ್ ಇಲ್ಲವೆಂದರೆ ದೋಷ ಎಲ್ಲಿದೆ ಎಂದು ಹುಡುಕಬೇಕು. ಫೋನಿನ ಕವರು ಆ ಚುಕ್ಕೆಯನ್ನು ಮುಚ್ಚಿರಬಹುದು. ಫೋನಿನ ಎಲ್‌ಇಡಿಗೆ ರಿಮೋಟಿನಷ್ಟು ಬಲ ಇರದೆ, ನಾಲ್ಕೈದು ಅಡಿ ಹತ್ತಿರ ಹೋಗಿ ಮೇಲಂಚನ್ನು ಎ.ಸಿ.ಯ ಫಲಕಕ್ಕೆ ನೇರವಾಗಿ ಹಿಡಿಯಬೇಕಾಗಬಹುದು. ಆಗಲೂ ಮೌನವಾಗಿದ್ದರೆ ಸ್ಪ್ಲಿಟ್ ಎ.ಸಿ.ಯ ಮುಂದಿನ ಮುಚ್ಚಳ ಎತ್ತಿ ನೋಡಬೇಕು. ಸಾಮಾನ್ಯವಾಗಿ ಅಲ್ಲೊಂದು ಸಣ್ಣ ತುರ್ತು ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಎ.ಸಿ. ಶುರುವಾದರೆ ಯಂತ್ರ ಸರಿಯಿದೆ, ಗ್ರಾಹಕವೋ ಸಂಕೇತವೋ ಕೈಕೊಟ್ಟಿದೆ ಎಂದರ್ಥ. ಶುರುವಾಗದಿದ್ದರೆ ಯಾವ ರಿಮೋಟಿನಿಂದಲೂ ಪ್ರಯೋಜನವಿಲ್ಲ, ಮೆಕ್ಯಾನಿಕ್‌ನನ್ನೇ ಕರೆಸಬೇಕು.

ಎಲ್ಲ ಹೊಂದಿದ ಮೇಲೂ ಒಂದು ಮಿತಿ ಉಳಿಯುತ್ತದೆ. ಈ ಮಾತುಕತೆ ಒಂದೇ ದಿಕ್ಕಿನದು. ಎ.ಸಿ. ಏನು ಮಾಡುತ್ತಿದೆ ಎಂದು ಫೋನಿಗೆ ತಿಳಿಯುವ ದಾರಿಯೇ ಇಲ್ಲ. ಕರೆಂಟು ಹೋಗಿ ಬಂದು ಎ.ಸಿ. ಆಫ್ ಆಗಿದ್ದರೂ ಆ್ಯಪ್ ಮಾತ್ರ '24 ಡಿಗ್ರಿ, ಚಾಲೂ' ಎಂದೇ ತೋರಿಸುತ್ತಿರುತ್ತದೆ. ಮನೆಯಲ್ಲಿ ಇಬ್ಬರ ಫೋನಿನಲ್ಲೂ ಆ್ಯಪ್ ಇದ್ದರೆ, ಒಬ್ಬರು ರಾತ್ರಿ 27ಕ್ಕೆ ಇಟ್ಟು ಮಲಗಿದ ಮೇಲೆ ಇನ್ನೊಬ್ಬರು ಫ್ಯಾನಿನ ವೇಗ ಮಾತ್ರ ಬದಲಿಸಲು ಹೋದರೂ, ಅವರ ಫೋನಿನ ಹಳೆಯ 22 ಡಿಗ್ರಿ ಅದೇ ಸಂದೇಶದ ಜೊತೆ ಹೋಗಿ ಕುಳಿತುಕೊಳ್ಳುತ್ತದೆ. ಗುಂಡಿ ಒತ್ತುವ ಮುನ್ನ ಪರದೆಯ ಮೇಲಿನ ಎಲ್ಲ ಅಂಕಿಗಳನ್ನೂ ಒಮ್ಮೆ ನೋಡಿಕೊಂಡರೆ ನಡುರಾತ್ರಿ ಚಳಿಗೆ ಎಚ್ಚರಾಗುವುದು ತಪ್ಪುತ್ತದೆ.