ಹೊರಮೂಲೆಯ ಬೋಲ್ಟು

ಪೀಣ್ಯ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ ಆ ಶೆಡ್ಡು. ಒಳಗೆ ಕಾಲಿಟ್ಟರೆ ಕಟಿಂಗ್ ಆಯಿಲ್ ವಾಸನೆ, ಗ್ರೈಂಡರಿನ ಕಿರುಚು. ಮೇಲೆ 5 ಟನ್ನಿನ ಕ್ರೇನ್ ಹರಿದಾಡುವ ತೊಲೆ, ಆ ತೊಲೆಗೆ ಆಸರೆಯಾಗಿ ಪ್ರತಿ ಕಂಬದಿಂದಲೂ ಹೊರಚಾಚಿದ ಬ್ರಾಕೆಟ್. ಅಂಥದ್ದೊಂದು ಬ್ರಾಕೆಟ್ಟನ್ನು ಹಿಂದಿನ ದಿನವಷ್ಟೇ ಬಿಚ್ಚಿ ಕೆಳಗಿಳಿಸಿದ್ದರು. ಅದರ ಪ್ಲೇಟು ನೋಡುವುದಕ್ಕೆಂದೇ ನಾನು ಹೋಗಿದ್ದೆ.

ಪ್ಲೇಟು 10 ಮಿ.ಮೀ. ದಪ್ಪದ್ದು, ಗೋಡೆಗೆ ಒರಗಿಸಿಟ್ಟಿದ್ದರು. ಅದರಲ್ಲಿ ಆರು ತೂತು: ಮೇಲಿಂದ ಕೆಳಕ್ಕೆ ಮೂರು ಮೂರರಂತೆ ಎರಡು ಸಾಲು. ಫೋರ್‌ಮನ್ ಟಾರ್ಚ್ ಹಿಡಿದು ಬಾಗಿದರು. ಹೊರೆಯ ಕಡೆಯ ಸಾಲಿನ ಮೇಲಿನ ಮತ್ತು ಕೆಳಗಿನ ತೂತುಗಳ ಸುತ್ತ ಬಣ್ಣ ಕಿತ್ತು ಲೋಹ ಹೊಳೆಯುತ್ತಿತ್ತು. ಬೆರಳಾಡಿಸಿದರೆ ಮೇಲಿನ ತೂತು ಕೊಂಚ ಮೊಟ್ಟೆಯಾಕಾರಕ್ಕೆ ತಿರುಗಿದ್ದು ತಿಳಿಯುತ್ತಿತ್ತು. ಆಚೆ ಸಾಲಿನ ನಡುವಿನ ತೂತಿನ ಸುತ್ತ ಮಾತ್ರ ವಾಷರ್ ಒತ್ತಿದ ಗುರುತು ಬಿಟ್ಟರೆ ಬಣ್ಣ ಹಾಗೇ ಇತ್ತು.

"ಆರು ಬೋಲ್ಟ್ ಹಾಕಿದೀವಲ್ಲ ಸಾರ್, ಲೋಡು ಆರಕ್ಕೂ ಹಂಚಿಕೊಳ್ಳಬೇಕಲ್ವಾ?" ಎಂದರು ಅವರು.

ಹಂಚಿಕೊಳ್ಳುತ್ತವೆ, ಆದರೆ ಸಮನಾಗಿ ಅಲ್ಲ. ಹೊರೆ ಬೋಲ್ಟುಗಳ ಗುಂಪಿನ ನಡುಮಧ್ಯಕ್ಕೇ ನೇರವಾಗಿ ಬಿದ್ದರೆ ಆರಕ್ಕೆ ಭಾಗಿಸಬಹುದಿತ್ತು. ಇಲ್ಲಿ ತೊಲೆ ಕೂತಿರುವುದು ಆ ಮಧ್ಯದಿಂದ 200 ಮಿ.ಮೀ. ಆಚೆ. ಹೊರೆ ಪ್ಲೇಟನ್ನು ಕೆಳಕ್ಕೂ ಜಗ್ಗುತ್ತದೆ, ಜೊತೆಗೆ ತಿರುಚುತ್ತದೆ. ಆ ತಿರುಚನ್ನು ತಡೆಯುವ ಕೆಲಸ ಆರಕ್ಕೂ ಒಂದೇ ಅಳತೆಯಲ್ಲಿ ಬೀಳುವುದಿಲ್ಲ.

ಬೆಂಚಿನ ಮೇಲೆ ರಟ್ಟು ಹಾಸಿ ಅಳತೆ ಬರೆದೆವು. ಸಾಲು ಸಾಲಿನ ನಡುವೆ 120 ಮಿ.ಮೀ., ಒಂದೇ ಸಾಲಿನ ಬೋಲ್ಟುಗಳ ನಡುವೆ 80 ಮಿ.ಮೀ. ಕಂಬದ ಎರಡೂ ಮಗ್ಗುಲಿಗೆ ಒಂದೊಂದು ಪ್ಲೇಟು ಇರುವುದರಿಂದ ಹೊರೆ ಅರ್ಧರ್ಧ. ಸುರಕ್ಷತೆಯ ಗುಣಕ ಸೇರಿಸಿದ ಮೇಲೆ ಒಂದು ಪ್ಲೇಟಿಗೆ 60 ಕಿಲೋನ್ಯೂಟನ್, ಅಂದರೆ ಸುಮಾರು 6 ಟನ್ ತೂಕ.

ನೇರ ಜಗ್ಗುವಿಕೆಯ ಪಾಲು ಸುಲಭ: ಬೋಲ್ಟಿಗೆ 10, ಎಲ್ಲಕ್ಕೂ ಕೆಳಮುಖವಾಗಿ. ತಿರುಚಿನ ಪಾಲು ಮಧ್ಯದಿಂದ ಬೋಲ್ಟಿಗಿರುವ ದೂರವನ್ನು ಅವಲಂಬಿಸುತ್ತದೆ. ದೂರ ಇದ್ದಷ್ಟೂ ಹೆಚ್ಚು ಬಲ, ಬಲದ ದಿಕ್ಕು ಆ ದೂರದ ಗೆರೆಗೆ ಲಂಬ. ಮೂಲೆಯ ನಾಲ್ಕು ಬೋಲ್ಟುಗಳು ಮಧ್ಯದಿಂದ 60 ಮಿ.ಮೀ. ಅಡ್ಡಕ್ಕೆ, 80 ಮಿ.ಮೀ. ಎತ್ತರಕ್ಕೆ ಇವೆ, ಓರೆಯಾಗಿ ಅಳೆದರೆ ಸರಿಯಾಗಿ 100. ನಡುವಿನ ಎರಡು 60ರಲ್ಲಿವೆ. ದೂರಗಳ ವರ್ಗವನ್ನೆಲ್ಲ ಕೂಡಿಸಿದರೆ ನಾಲ್ಕು ಹತ್ತು ಸಾವಿರ, ಎರಡು 3,600, ಒಟ್ಟು 47,200. ತಿರುಚು 60ನ್ನು 200ರಿಂದ ಗುಣಿಸಿದಷ್ಟು, ಅಂದರೆ 12,000. ಈ ತಿರುಚನ್ನು ವರ್ಗಗಳ ಆ ಮೊತ್ತದಿಂದ ಭಾಗಿಸಿದರೆ ದೂರದ ಪ್ರತಿ ಮಿಲಿಮೀಟರಿಗೆ 0.254 ಕಿಲೋನ್ಯೂಟನ್ ಬೀಳುತ್ತದೆ.

ಹೊರೆಯ ಕಡೆಯ ಮೂಲೆಯಲ್ಲಿ ತಿರುಚಿನಿಂದ ಕೆಳಮುಖ 15.3, ಅಡ್ಡಕ್ಕೆ 20.3. ಕೆಳಮುಖಕ್ಕೆ ಮೊದಲಿನ 10 ಸೇರಿ 25.3 ಆಯಿತು. ಎರಡನ್ನೂ ಲಂಬಕೋನದಲ್ಲಿ ಕೂಡಿಸಿದರೆ 32.4. ಆಚೆ ಸಾಲಿನಲ್ಲಿ ತಿರುಚು ಬೋಲ್ಟನ್ನು ಮೇಲಕ್ಕೆ ನೂಕುತ್ತದೆ, ನೇರ ಹೊರೆ ಕೆಳಕ್ಕೆ, ಹೀಗಾಗಿ ಎರಡೂ ಒಂದನ್ನೊಂದು ತಿನ್ನುತ್ತವೆ. ಅಲ್ಲಿನ ಮೂಲೆಗೆ 21; ನಡುವಿನದಕ್ಕೆ ಬರೀ 5.3, ಅದೂ ಮೇಲ್ಮುಖ. ಬಣ್ಣ ಕೆಡದೆ ಉಳಿದ ತೂತು ಅದೇ.

ಫೋರ್‌ಮನ್ ಬಿಚ್ಚಿಟ್ಟ ಬೋಲ್ಟುಗಳ ಡಬ್ಬಿ ತಂದರು. ತಲೆಯ ಮೇಲೆ 4.6 ಎಂಬ ಅಚ್ಚು, ವ್ಯಾಸ 16 ಮಿ.ಮೀ. ಕತ್ತರಿಸುವ ಜಾಗದಲ್ಲಿ ಥ್ರೆಡ್ ಬಂದರೆ ಐಎಸ್ 800ರ ಲೆಕ್ಕದಲ್ಲಿ ಇಂಥ ಬೋಲ್ಟಿನ ತಾಕತ್ತು 29 ಕಿಲೋನ್ಯೂಟನ್. ಆರಕ್ಕೆ ಭಾಗಿಸಿ 10 ಎಂದುಕೊಂಡವರಿಗೆ ಹೆಚ್ಚುಕಡಿಮೆ ಮೂರು ಪಟ್ಟು ಭದ್ರತೆ ಕಾಣುತ್ತದೆ. ನಿಜಕ್ಕೆ ಹೊರಮೂಲೆಯವೆರಡೂ ಮಿತಿ ದಾಟಿವೆ. ಪ್ಲೇಟು ಈ ದಪ್ಪಕ್ಕೆ ತಾಳುತ್ತದೆ, ಮೊದಲು ಸೋಲುವುದು ಬೋಲ್ಟೇ.

"ಮೇಲಿನದಕ್ಕೇ ಜಾಸ್ತಿ ಅಂತ ನಾವು ಹೇಳ್ತಿದ್ವಿ, ಕೆಳಗಿನದಕ್ಕೂ ಅಷ್ಟೇನಾ?" ಎಂದು ಕೇಳಿದರು. ಅಷ್ಟೇ. ಇಲ್ಲಿ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡಕ್ಕೂ ಬಲ ಒಂದೇ, ದಿಕ್ಕು ಮಾತ್ರ ಬೇರೆ. ಒಂದರಲ್ಲಿ ಪ್ಲೇಟು ಹೊರಕ್ಕೆ ಓರೆಯಾಗಿ ಇಳಿಯಲು ನೋಡುತ್ತದೆ, ಇನ್ನೊಂದರಲ್ಲಿ ಕಂಬದ ಕಡೆಗೆ. ಉಜ್ಜಿದ ಗುರುತುಗಳೂ ಹಾಗೇ ಎದುರುಬದುರು ಓರೆಯಾಗಿದ್ದವು. ಮೇಲಿನದೇ ಬಲಿ ಎನ್ನುವ ಮಾತು ಇನ್ನೊಂದು ಬಗೆಯ ಬ್ರಾಕೆಟ್ಟಿನಿಂದ ಬಂದದ್ದು: ಪ್ಲೇಟು ಕಂಬದ ಮುಖಕ್ಕೆ ಒರಗಿದ್ದು, ಹೊರೆ ನಮ್ಮೆದುರಿಗೆ ಚಾಚಿಕೊಂಡಿದ್ದರೆ ಮೇಲಿನ ಬೋಲ್ಟುಗಳನ್ನು ಅದು ಕಂಬದಿಂದ ಕಿತ್ತೆಳೆಯುತ್ತದೆ. ಇಲ್ಲಿ ಹೊರೆ ಇರುವುದು ಪ್ಲೇಟಿನ ಸಮತಲದಲ್ಲೇ. ಕಿತ್ತೆಳೆತ ಇಲ್ಲ, ಕತ್ತರಿಸುವಿಕೆ ಮಾತ್ರ.

ಇದನ್ನು ಕಣ್ಣಿಗೆ ಕಾಣಿಸಲು ನನಗೆ ಇಷ್ಟವಾದ ಒಂದು ದಾರಿಯಿದೆ. ಆರು ಚುಕ್ಕೆ ಹಾಕಿದ ರಟ್ಟಿಗೆ, ಮಧ್ಯದಿಂದ ಆಚೆ ಸಾಲಿನ ಕಡೆ 39 ಮಿ.ಮೀ. ಸರಿದು ಗುಂಡುಸೂಜಿ ಚುಚ್ಚಿದೆ. ರಟ್ಟನ್ನು ಸ್ವಲ್ಪ ತಿರುಗಿಸಿದಾಗ ಸೂಜಿಯ ಜಾಗ ಅಲುಗುವುದಿಲ್ಲ. ಕೆಳಗೆ ಜಾರುವುದು ಮತ್ತು ತಿರುಗುವುದು ಎರಡೂ ಸೇರಿದರೆ ಪ್ಲೇಟು ಆ ಬಿಂದುವಿನ ಸುತ್ತಲೇ ತಿರುಗಿದಂತೆ. ಯಾವ ಚುಕ್ಕೆ ಎಷ್ಟು ಸರಿಯಿತೋ ಆ ಬೋಲ್ಟಿಗೆ ಅಷ್ಟು ಬಲ. ಹೊರಮೂಲೆ ಸೂಜಿಯಿಂದ 127 ಮಿ.ಮೀ. ದೂರ, ಆಚೆ ನಡುವಿನದು 21 ಮಾತ್ರ. ಫೋರ್‌ಮನ್ ತಾವೇ ಎರಡು ಮೂರು ಸಲ ತಿರುಗಿಸಿ ನೋಡಿದರು. ಆಚೆ ನಡುವಿನ ಚುಕ್ಕೆ ಮೇಲಕ್ಕೆ ಹೋಗುವುದನ್ನು ಕಂಡು "ಇದು ಉಲ್ಟಾ ಹೋಗ್ತಿದೆ" ಎಂದು ಬೆರಳಿಟ್ಟರು.

ಈ ಲೆಕ್ಕದಲ್ಲಿ ಒಂದು ನಂಬಿಕೆ ಅಡಗಿದೆ: ಪ್ಲೇಟು ಬಾಗದು, ಬೋಲ್ಟುಗಳೆಲ್ಲ ಒಟ್ಟಿಗೆ ಕಚ್ಚುತ್ತವೆ ಎಂದು. ನಿಜದಲ್ಲಿ 16ರ ಬೋಲ್ಟಿಗೆ 18ರ ತೂತು ಕೊರೆಯುತ್ತೇವೆ, ಮೊದಲು ಯಾವುದು ಕಚ್ಚೀತೆಂದು ಹೇಳಲಾಗದು. ಇನ್ನೊಂದು ಕಡೆ, ಮೆದು ಉಕ್ಕಿನ ಬೋಲ್ಟು ತುಂಡಾಗುವ ಮೊದಲು ಹಿಗ್ಗಿ, ಹೊರೆಯನ್ನು ಪಕ್ಕದವಕ್ಕೆ ದಾಟಿಸುತ್ತದೆ. ಹಾಗಾಗಿ ಗುಂಪು ಪೂರ್ತಿ ಕುಸಿಯುವ ಹೊರೆ ಈ ಲೆಕ್ಕಕ್ಕಿಂತ ಹೆಚ್ಚು. ಅಮೆರಿಕದ ಉಕ್ಕಿನ ಕೈಪಿಡಿಯ ಕೋಷ್ಟಕಗಳು ಈ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ನಿಶ್ಚಲ ಬಿಂದುವನ್ನು ಹುಡುಕುತ್ತವೆ. ಆದರೆ ದಿನಕ್ಕೆ ನೂರಾರು ಸಲ ಹೊರೆ ಏರಿಳಿಯುವ ಕ್ರೇನಿಗೆ ಅಂಥ ಹಿಗ್ಗುವಿಕೆಯ ಮೇಲೆ ಭರವಸೆ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಮ್ಮೆ ಹಿಗ್ಗಿದ ತೂತು ಮರುದಿನ ಇನ್ನಷ್ಟು ಸಡಿಲವಾಗುತ್ತದೆ.

"ಮಧ್ಯದಲ್ಲಿ ಇನ್ನೊಂದು ಬೋಲ್ಟ್ ಕೊಟ್ಟರೆ?" ಎಂದರು. ಏಣಿ ಹತ್ತಿ ತೋರಿಸಿದೆ: ಆ ಮಧ್ಯದ ಹಿಂದೆ ಕಂಬದ ವೆಬ್ ಇದೆ, ನಟ್ಟಿಗೆ ಜಾಗವೇ ಇಲ್ಲ. ಇದ್ದಿದ್ದರೂ ಹೊರಮೂಲೆಯ 32.4 ಇಳಿಯುವುದು 31.3ಕ್ಕೆ. ಮಧ್ಯದಲ್ಲಿರುವ ಬೋಲ್ಟು ತಿರುಚನ್ನು ತಡೆಯುವುದೇ ಇಲ್ಲ.

ಅದರ ಬದಲು ಅದೇ ಆರನ್ನು ಮೇಲೆ ಕೆಳಗೆ ದೂರ ಸರಿಸಿದೆವು. 80ರ ಅಂತರವನ್ನು 120 ಮಾಡಿದರೆ ವರ್ಗಗಳ ಮೊತ್ತ 79,200ಕ್ಕೆ ಏರುತ್ತದೆ, ಹೊರಮೂಲೆಯ ಬಲ 26.4ಕ್ಕೆ ಇಳಿಯುತ್ತದೆ. 16ರ ಬೋಲ್ಟೇ ಸಾಕು, ಆದರೆ ಅಂಚು ಕಡಿಮೆ. 20ರದ್ದಾದರೆ ತಾಕತ್ತು 45. ಹೊಸ ಪ್ಲೇಟಿಗೆ ಎರಡನ್ನೂ ಮಾಡೋಣ, ಅಂತರವೂ ಹೆಚ್ಚಲಿ, ಬೋಲ್ಟೂ ದಪ್ಪವಾಗಲಿ ಎಂದೆ. ಕಂಬದಲ್ಲಿ ಹಳೆಯ ಮೂಲೆಯ ತೂತುಗಳು ಹೊಸವಕ್ಕೆ ಬರೀ 40 ಮಿ.ಮೀ. ಅಂತರದಲ್ಲಿ ಬೀಳುತ್ತವೆ ಎಂಬುದು ಆಗ ಹೊಳೆಯಿತು. ಅವನ್ನು ವೆಲ್ಡ್ ತುಂಬಿಸಿ ಅರೆದು ಸಮ ಮಾಡಿದ ಮೇಲೆಯೇ ಡ್ರಿಲ್ ಇಡಬೇಕೆಂದು ಮಾತಾಯಿತು.

ಫೋರ್‌ಮನ್ ಸುಣ್ಣದ ಕಡ್ಡಿಯಿಂದ ಹೊಸ ಪ್ಲೇಟಿನ ಮೇಲೆ ಎರಡು ನಿಲುಗೆರೆ ಎಳೆದು, ಟೇಪು ಹಿಡಿದು 120, ಮತ್ತೆ 120 ಅಳೆದು, ಮೊದಲ ಸೆಂಟರ್ ಪಂಚನ್ನು ಹೊರಮೂಲೆಗೇ ಹೊಡೆದರು.