ಅರ್ಧ ಪರ್ಸೆಂಟಿನ ಹಿಂದಿರುವ ಲೆಕ್ಕ

ಚನ್ನಪಟ್ಟಣದ ಬೊಂಬೆ ವ್ಯಾಪಾರಿಯೊಬ್ಬರು ಆನ್‌ಲೈನ್ ಮಾರುಕಟ್ಟೆಯೊಂದರ ಮೂಲಕ ಹೊರರಾಜ್ಯಗಳ ಗಿರಾಕಿಗಳಿಗೆ ತಿಂಗಳಲ್ಲಿ 2,00,000 ರೂಪಾಯಿಯ ಸರಕು ಮಾರಿದರು ಎಂದಿಟ್ಟುಕೊಳ್ಳೋಣ. ಅದರಲ್ಲಿ 20,000ದಷ್ಟು ವಾಪಸು ಬಂತು. ಉಳಿದ 1,80,000ಕ್ಕೆ ಶೇ 5ರಂತೆ 9,000 ಜಿಎಸ್‌ಟಿ ಸೇರಿ ಗಿರಾಕಿಗಳು ಕೊಟ್ಟದ್ದು 1,89,000. ಆದರೆ ವ್ಯಾಪಾರಿಯ ಬ್ಯಾಂಕ್ ಖಾತೆಗೆ ಬಂದದ್ದು 1,52,700. ಕಮಿಷನ್, ಸಾಗಣೆ ಎಂದು 30,000, ಅದರ ಮೇಲಿನ ಜಿಎಸ್‌ಟಿ 5,400 ಮುರಿದುಕೊಂಡಿದ್ದಾರೆ. ಇವೆರಡರ ಕೆಳಗೆ 900 ರೂಪಾಯಿಯ ಇನ್ನೊಂದು ಸಾಲಿದೆ: ಟಿಸಿಎಸ್. ಆದಾಯ ತೆರಿಗೆಯ ಟಿಡಿಎಸ್ ಎಂಬುದು ಬೇರೆಯೇ ಇದೆ, ಅದನ್ನು ಇಲ್ಲಿ ಬದಿಗಿಡೋಣ.

ಟಿಸಿಎಸ್ ಎಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ. ಮಾರಾಟದ ಹಣ ತನ್ನ ಕೈ ಹಾದುಹೋಗುವಾಗ ಆನ್‌ಲೈನ್ ಮಾರುಕಟ್ಟೆಯೇ ಒಂದು ಪಾಲು ಹಿಡಿದು ಸರ್ಕಾರಕ್ಕೆ ಕಟ್ಟಬೇಕು ಎಂದು ಜಿಎಸ್‌ಟಿ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಜಾರಿಗೆ ಬಂದದ್ದು 2018ರ ಅಕ್ಟೋಬರ್ 1ರಿಂದ. ಆಗ ಶೇ 1 ಇದ್ದ ದರ 2024ರ ಜುಲೈನಲ್ಲಿ ಶೇ 0.5ಕ್ಕೆ ಇಳಿಯಿತು. ಕಮಿಷನ್ ಮುರಿಯುವ ಮೊದಲಿನ, ಜಿಎಸ್‌ಟಿ ಸೇರಿಸದ, ವಾಪಸಾದದ್ದನ್ನು ಕಳೆದ ಮೊತ್ತದ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. 1,80,000ಕ್ಕೆ 900 ಬಂದದ್ದು ಹಾಗೆ.

ಇದು ಹೆಚ್ಚುವರಿ ತೆರಿಗೆಯಲ್ಲ, ವ್ಯಾಪಾರಿಯದೇ ಹಣ. ಮಾರುಕಟ್ಟೆಯವರು ಮುಂದಿನ ತಿಂಗಳ 10ರೊಳಗೆ GSTR-8 ಎಂಬ ವಿವರಪಟ್ಟಿ ಸಲ್ಲಿಸಿ ಹಣ ಕಟ್ಟುತ್ತಾರೆ. ವ್ಯಾಪಾರಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅದನ್ನು ನೋಡಿ ಒಪ್ಪಿಗೆ ಕೊಟ್ಟರೆ ಆ 900 ಅವರ ಕ್ಯಾಶ್ ಲೆಡ್ಜರ್‌ಗೆ ಜಮೆಯಾಗುತ್ತದೆ. ಒಪ್ಪಿಗೆ ಕೊಡುವುದನ್ನು ಮರೆತರೆ ಜಮೆಯಾಗುವುದಿಲ್ಲ.

ಹೇಗಿದ್ದರೂ ವ್ಯಾಪಾರಿಗೇ ಸೇರುವ ಇಷ್ಟು ಚಿಕ್ಕ ಮೊತ್ತಕ್ಕೆ ಸರ್ಕಾರ ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದೇಕೆ? ನನ್ನ ಪ್ರಕಾರ ಸರ್ಕಾರಕ್ಕೆ ಬೇಕಿರುವುದು ಹಣಕ್ಕಿಂತ ಹೆಚ್ಚಾಗಿ ಆ ವಿವರಪಟ್ಟಿ. ಅದಕ್ಕೆ ಕಾನೂನಿನಲ್ಲೇ ಪುರಾವೆಯಿದೆ. ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆನ್‌ಲೈನ್ ಮಾರುಕಟ್ಟೆಗೆ ಬರಲು ಅವಕಾಶ ಸಿಕ್ಕಿತು. ಅವರಿಂದ ಟಿಸಿಎಸ್ ಹಿಡಿಯುವಂತಿಲ್ಲ. ಆದರೂ ಅವರು ಎಷ್ಟು ಮಾರಿದರು ಎಂಬುದನ್ನು ಮಾರುಕಟ್ಟೆಯವರು GSTR-8ರಲ್ಲಿ ತೋರಿಸಲೇಬೇಕು. ದರ ಅರ್ಧಕ್ಕೆ ಇಳಿದಾಗಲೂ ಈ ವರದಿಯ ಹೊಣೆ ಹಾಗೇ ಉಳಿಯಿತು.

ಮೊದಲಾದರೆ ವ್ಯಾಪಾರಿ ಎಷ್ಟು ಮಾರಿದ್ದೇನೆ ಎನ್ನುತ್ತಾನೋ ಅದೇ ಲೆಕ್ಕ. ಸಂಶಯ ಬಂದರೆ ಅಧಿಕಾರಿ ಅಂಗಡಿಗೇ ಹೋಗಿ ಪುಸ್ತಕ ತೆರೆಸಬೇಕಿತ್ತು. ಈಗ ಅದೇ ಮಾರಾಟಕ್ಕೆ ಎರಡನೆಯ ಸಾಕ್ಷಿ ಇದೆ, ಅದೂ ಸುಳ್ಳು ಹೇಳಿ ಲಾಭ ಪಡೆಯುವಂಥದ್ದೇನೂ ಇಲ್ಲದ ಸಾಕ್ಷಿ. ಲಕ್ಷಾಂತರ ವ್ಯಾಪಾರಿಗಳ ಬೆನ್ನು ಹತ್ತುವ ಬದಲು ಬೆರಳೆಣಿಕೆಯ ದೊಡ್ಡ ಕಂಪನಿಗಳು ಕೊಟ್ಟ ಪಟ್ಟಿಯನ್ನು, ವ್ಯಾಪಾರಿಗಳು ತಮ್ಮ GSTR-1ರಲ್ಲಿ ತೋರಿಸಿದ ಮಾರಾಟದ ಪಕ್ಕ ಇಟ್ಟರಾಯಿತು.

ಪ್ರಾಮಾಣಿಕರೂ ಎಡವುವುದು ಇಲ್ಲೇ. ನಮ್ಮ ಬೊಂಬೆ ವ್ಯಾಪಾರಿ ಬ್ಯಾಂಕಿಗೆ ಬಂದ 1,52,700ನ್ನೇ ಮಾರಾಟ ಎಂದು ಬರೆದರೆ ಮಾರುಕಟ್ಟೆಯ ಪಟ್ಟಿಗಿಂತ 27,300 ಕಡಿಮೆ ಬೀಳುತ್ತದೆ. ಬಚ್ಚಿಡುವ ಉದ್ದೇಶ ಇಲ್ಲದಿದ್ದರೂ ವಿವರಣೆ ಕೇಳಿ ನೋಟಿಸು ಬರಬಹುದು. ವ್ಯತ್ಯಾಸ ಸರಿಪಡಿಸದಿದ್ದರೆ ಅದರ ತೆರಿಗೆ ಬಡ್ಡಿ ಸಮೇತ ತಲೆಗೆ ಬರುತ್ತದೆ. ಹಾಗಾಗಿ ರಿಟರ್ನ್ ಸಲ್ಲಿಸುವ ಮೊದಲು ಹೋಲಿಸಿ ನೋಡಬೇಕಾದದ್ದು ಬ್ಯಾಂಕ್ ಪಾಸ್‌ಬುಕ್ಕನ್ನಲ್ಲ, ಮಾರುಕಟ್ಟೆಯವರು ಕೊಡುವ ತಿಂಗಳ ಮಾರಾಟದ ವರದಿಯನ್ನು. ದೀಪಾವಳಿಯಲ್ಲಿ ಮಾರಿದ್ದು ಮುಂದಿನ ತಿಂಗಳು ವಾಪಸಾದರೆ ಅದನ್ನು ಕಳೆಯುವುದು ವಾಪಸಾದ ತಿಂಗಳ ಲೆಕ್ಕದಲ್ಲಿ ಎಂಬುದೂ ನೆನಪಿರಲಿ.

ಸಣ್ಣವರಿಗೆ ಇದರಿಂದ ಆಗುವ ತೊಂದರೆಯೂ ನಿಜವಾದದ್ದೇ. ಬೊಂಬೆಗಳ 9,000 ತೆರಿಗೆಯಲ್ಲಿ, ಕಮಿಷನ್ ಮೇಲೆ ಕೊಟ್ಟ ಜಿಎಸ್‌ಟಿ 5,400 ಕಳೆಯುತ್ತದೆ. ಕಚ್ಚಾ ಸಾಮಗ್ರಿ, ಪ್ಯಾಕಿಂಗ್ ಮೇಲೆ ಕೊಟ್ಟ 3,000ವೂ ಕಳೆದರೆ ನಗದಾಗಿ ಕಟ್ಟಬೇಕಾದದ್ದು 600 ಮಾತ್ರ. ಜಮೆಯಾದ 900ರಲ್ಲಿ 300 ಅಲ್ಲೇ ಉಳಿಯಿತು. ಅದನ್ನು ಮುಂದಿನ ತಿಂಗಳ ತೆರಿಗೆಗೆ ಬಳಸಬಹುದು, ಇಲ್ಲವೇ ಅರ್ಜಿ ಹಾಕಿ ಮರಳಿ ಪಡೆಯಬಹುದು. ಆದರೆ ಲಾಭದ ಅಂಚು ತೆಳುವಾಗಿರುವ ವ್ಯಾಪಾರದಲ್ಲಿ ತಿಂಗಳು ತಿಂಗಳೂ ಹೀಗೆ ಸಿಕ್ಕಿಕೊಳ್ಳುವುದು ದುಡಿಯುವ ಬಂಡವಾಳ. ದರ ಇಳಿಸಿದ್ದು ಸರಿಯಾದ ನಿರ್ಧಾರ ಎಂದು ನಾನು ಭಾವಿಸುವುದು ಇದಕ್ಕೇ. ಮಾಹಿತಿ ಪಡೆಯಲು ಇಷ್ಟು ಹಣ ಹಿಡಿದಿಡಬೇಕಾಗಿಲ್ಲ.

ಈ ಸಾಕ್ಷಿಯ ಕಣ್ಣಿಗೆ ಬೀಳದ ವ್ಯಾಪಾರವೂ ಇದೆ. ಗಿರಾಕಿಯ ಹಣ ಮಾರುಕಟ್ಟೆಯ ಕೈ ಹಾದುಹೋದರೆ ಮಾತ್ರ ಟಿಸಿಎಸ್. ಅದೇ ವ್ಯಾಪಾರಿ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ಕಳಿಸಿ, ಯುಪಿಐನಲ್ಲಿ ನೇರವಾಗಿ ದುಡ್ಡು ತೆಗೆದುಕೊಂಡು ಬೊಂಬೆ ಕಳಿಸಿದರೆ ಆ ಮಾರಾಟ ಯಾರ GSTR-8ರಲ್ಲೂ ಕಾಣಿಸುವುದಿಲ್ಲ.