ಮೂಗು ಕೊಡುವ ಮುನ್ಸೂಚನೆ

ಸವಣೂರಿನ ವೀಳ್ಯದೆಲೆಯೂ ಹಾವೇರಿಯ ಯಾಲಕ್ಕಿ ಮಾಲೆಯೂ ನಮ್ಮ ನಾಡಿನಲ್ಲಿ ಹೆಸರಾದವು. ಈ ಎಲೆ ಮತ್ತು ಯಾಲಕ್ಕಿಯಿಂದ ವಾಚಕರು ಮನೆಯಲ್ಲಿಯೇ ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು. ಎಲೆಯ ಒಂದು ತುಂಡಿನಲ್ಲಿ ನಾಲ್ಕಾರು ಯಾಲಕ್ಕಿ ಕಾಳುಗಳನ್ನೂ ಚಿಟಿಕೆ ಸಕ್ಕರೆಯನ್ನೂ ಇಟ್ಟು ಮಡಿಸಿರಿ. ಮೂಗನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದುಕೊಂಡು ಅದನ್ನು ಜಗಿಯಿರಿ. ಸಕ್ಕರೆಯ ಸಿಹಿ ತಿಳಿಯುವುದು. ಎಲೆಯ ಖಾರವೂ ತಿಳಿಯುವುದು. ಆದರೆ ಬಾಯಲ್ಲಿರುವುದು ಯಾಲಕ್ಕಿಯೆಂಬುದು ಮಾತ್ರ ತಿಳಿಯದು. ಈಗ ಬೆರಳುಗಳನ್ನು ತೆಗೆದು ಮೂಗಿನಿಂದ ಉಸಿರು ಬಿಡಿರಿ. ಮರುಕ್ಷಣವೇ ಯಾಲಕ್ಕಿಯ ಪರಿಮಳ ಬಾಯಿ ತುಂಬಿದಂತೆ ಭಾಸವಾಗುವುದು.

ನಾವು ರುಚಿಯೆಂದು ಕರೆಯುವ ಅನುಭವವು ಒಂದೇ ಇಂದ್ರಿಯದ ಕೆಲಸವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದರಲ್ಲಿ ಮೂರು ಬೇರೆ ಬೇರೆ ಹಾದಿಗಳು ಕೂಡಿವೆ. ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಬೇಳೆಯ ಕಟ್ಟು, ಮಾಂಸದ ಸಾರುಗಳಲ್ಲಿರುವ ಸವಿ, ಈ ಐದನ್ನು ಮಾತ್ರ ನಾಲಿಗೆಯ ರುಚಿಮೊಗ್ಗುಗಳು ಗುರುತಿಸಬಲ್ಲವು. ಅಲ್ಲಿಂದ ಹೊರಟ ಸುದ್ದಿಯು ಮೂರು ನರಗಳ ಮೂಲಕ ಮೆದುಳಿನ ಬುಡವನ್ನು ಸೇರಿ, ಅಲ್ಲಿಂದ ಥಲಾಮಸ್ ಎಂಬ ನಡುನಿಲ್ದಾಣವನ್ನು ಹಾದು, ಮೆದುಳಿನ ಹೊರಪದರವನ್ನು ಮುಟ್ಟುತ್ತದೆ. ಎಲೆಯ ಖಾರವನ್ನೂ ಮೆಣಸಿನಕಾಯಿಯ ಉರಿಯನ್ನೂ ಒಯ್ಯುವುದು ಮುಖದ ಸ್ಪರ್ಶ ಮತ್ತು ನೋವುಗಳನ್ನು ತಿಳಿಸುವ ಬೇರೊಂದು ನರ. ಇನ್ನುಳಿದುದೆಲ್ಲವೂ, ಎಂದರೆ ಯಾಲಕ್ಕಿಯನ್ನು ಯಾಲಕ್ಕಿಯೆಂದೂ ಇಂಗನ್ನು ಇಂಗೆಂದೂ ಬೇರ್ಪಡಿಸುವ ಗುಣವು, ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಆವಿಯದು.

ಈ ಮೂರನೆಯ ಹಾದಿಯು ವಿಲಕ್ಷಣವಾದುದು. ಮೂಗಿನ ಚಾವಣಿಯಲ್ಲಿ ಕೆಲವೇ ಚದರ ಸೆಂಟಿಮೀಟರಿನಷ್ಟು ಅಗಲದ ಒಂದು ತೆಳುಪೊರೆಯಿದೆ. ಅದರಲ್ಲಿರುವ ನರಕೋಶಗಳ ತುದಿಗಳು ಒದ್ದೆಯಾದ ಲೋಳೆಯಲ್ಲಿ ಚಾಚಿಕೊಂಡಿರುತ್ತವೆ. ಗಾಳಿಯಲ್ಲಿ ತೇಲಿಬಂದ ಅಣುಗಳು ಈ ಲೋಳೆಯಲ್ಲಿ ಕರಗಿ, ಕೋಶದ ಮೇಲಿರುವ ಗ್ರಾಹಕಗಳಿಗೆ ಅಂಟುತ್ತವೆ. ಮನುಷ್ಯನಲ್ಲಿ ಇಂಥ ಗ್ರಾಹಕಗಳು ಸುಮಾರು 400 ಬಗೆ. ಈ ಗ್ರಾಹಕಗಳ ಕುಲವನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ವಾಸನೆಗೆ ಒಂದೇ ಗ್ರಾಹಕವೆಂಬ ನಿಯಮವಿಲ್ಲ. ಹಲವು ಸ್ವರಗಳು ಕೂಡಿ ಒಂದು ರಾಗವಾಗುವಂತೆ, ಹಲವು ಗ್ರಾಹಕಗಳು ಒಟ್ಟಾಗಿ ಮಿಡಿದಾಗ ಒಂದು ವಾಸನೆಯ ಗುರುತು ಮೂಡುತ್ತದೆ.

ಈ ಕೋಶಗಳ ಎಳೆಗಳು ಜರಡಿಯಂತೆ ತೂತುತೂತಾಗಿರುವ ಒಂದು ಮೂಳೆಯನ್ನು ದಾಟಿ, ಅದರ ಮೇಲೆಯೇ ಕುಳಿತಿರುವ ಘ್ರಾಣಗಡ್ಡೆ ಎಂಬ ಮೆದುಳಿನ ಭಾಗವನ್ನು ಸೇರುತ್ತವೆ. ಅಲ್ಲಿಂದ ಸುದ್ದಿಯು ಥಲಾಮಸ್ ನಿಲ್ದಾಣದಲ್ಲಿ ತಂಗದೆ ನೇರವಾಗಿ ಹೊರಪದರಕ್ಕೂ, ನೆನಪು ಮತ್ತು ಭಾವನೆಗಳ ನೆಲೆಗೂ ಹೋಗುತ್ತದೆ. ಹೊರಗಿನ ಗಾಳಿಗೂ ಮೆದುಳಿಗೂ ನಡುವೆ ಇಲ್ಲಿರುವುದು ಒಂದೇ ಒಂದು ನರಕೋಶದ ಅಂತರ. ಕಣ್ಣು, ಕಿವಿಗಳ ಹಾದಿ ಇಷ್ಟು ಚಿಕ್ಕದಲ್ಲ.

ಈಗ ರೋಗದ ಕಡೆಗೆ ಬರೋಣ. ಕೈ ನಡುಗುವುದು, ಸ್ನಾಯುಗಳು ಬಿಗಿಯುವುದು, ಚಲನೆ ನಿಧಾನವಾಗುವುದು, ಇವು ಪಾರ್ಕಿನ್ಸನ್ ರೋಗದ ಪ್ರಸಿದ್ಧ ಲಕ್ಷಣಗಳು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದನ್ನು 1817ರಲ್ಲಿಯೇ ವರ್ಣಿಸಿದನು. ಮೆದುಳಿನ ನಡುಭಾಗದಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುವುದೇ ನಡುಕಕ್ಕೂ ಬಿಗಿತಕ್ಕೂ ಕಾರಣ. ಆದರೆ ರೋಗವು ಅಲ್ಲಿಂದಲೇ ಆರಂಭವಾಗುವುದೆ? ಜರ್ಮನಿಯ ಹೈಕೊ ಬ್ರಾಕ್ ಮತ್ತು ಸಂಗಡಿಗರು ಮೃತರ ಮೆದುಳುಗಳನ್ನು ಪರೀಕ್ಷಿಸಿ 2003ರಲ್ಲಿ ಬೇರೆಯೇ ಚಿತ್ರವನ್ನು ಮುಂದಿಟ್ಟರು. ಈ ರೋಗದಲ್ಲಿ ಆಲ್ಫಾ-ಸೈನ್ಯೂಕ್ಲಿಯನ್ ಎಂಬ ಪ್ರೋಟೀನು ತಪ್ಪಾಗಿ ಮಡಿಚಿಕೊಂಡು ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ಅವರು ಕಂಡಂತೆ ಈ ಗಂಟುಗಳು ಮೊದಲು ತೋರಿಕೊಳ್ಳುವುದು ಘ್ರಾಣಗಡ್ಡೆಯ ಭಾಗದಲ್ಲಿ ಮತ್ತು ಕರುಳು ಮೊದಲಾದ ಅಂಗಗಳನ್ನು ಆಳುವ ಮೆದುಳಿನ ಬುಡದಲ್ಲಿ. ಡೋಪಮೀನಿನ ನೆಲೆಯನ್ನು ಅವು ಮುಟ್ಟುವುದು ಅನಂತರ. ಎಲ್ಲ ರೋಗಿಗಳಲ್ಲಿಯೂ ಕ್ರಮವು ಹೀಗೆಯೇ ಇರುವುದಿಲ್ಲ. ಆದರೂ ಕೈ ನಡುಗುವುದಕ್ಕೆ ಕೆಲವು ವರ್ಷಗಳ ಮೊದಲೇ ಮೂಗು ಮಂದವಾಗುವುದೇಕೆಂಬುದನ್ನು ಈ ಚಿತ್ರವು ಚೆನ್ನಾಗಿ ವಿವರಿಸುತ್ತದೆ. ಡೋಪಮೀನನ್ನು ತುಂಬಿಕೊಡುವ ಔಷಧದಿಂದ ರೋಗಿಯ ನಡಿಗೆ ಸುಧಾರಿಸುವುದು, ಆದರೆ ವಾಸನೆ ಮರಳಿ ಬಾರದು. ಎರಡು ಕೊರತೆಗಳ ನೆಲೆಗಳು ಬೇರೆಯೆಂಬುದಕ್ಕೆ ಇದೂ ಒಂದು ಸಾಕ್ಷಿ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಸವಣೂರಿನ ಎಲೆತೋಟದ ಒಬ್ಬ ಹಿರಿಯರು, ವಯಸ್ಸು ಅರವತ್ತೆರಡು, "ಈಗೀಗ ಊಟ ರುಚಿಸೂದಿಲ್ಲ, ಒಗ್ಗರಣೀ ಸರಿಯಾಗೂದಿಲ್ಲ" ಎಂದು ಮನೆಯವರನ್ನು ದೂರುತ್ತಾರೆ. ಕಣ್ಣು ಮುಚ್ಚಿಸಿ ನಾಲಿಗೆಯ ಮೇಲೆ ಉಪ್ಪು, ಸಕ್ಕರೆಗಳನ್ನಿಟ್ಟರೆ ಸರಿಯಾಗಿ ಹೇಳುತ್ತಾರೆ, ಮೆಣಸಿನಕಾಯಿ ಉರಿಯುತ್ತದೆನ್ನುತ್ತಾರೆ. ಆದರೆ ಇಂಗು, ಕಾಫಿಪುಡಿ, ಯಾಲಕ್ಕಿಗಳನ್ನು ಮೂಗಿನ ಒಂದೊಂದೇ ಹೊಳ್ಳೆಗೆ ಹಿಡಿದರೆ ಯಾವುದೆಂದು ಹೇಳಲಾರರು. ಎಂದ ಮೇಲೆ ಮೊದಲೆರಡು ಹಾದಿಗಳು ಸರಿಯಾಗಿವೆ, ಕೆಟ್ಟಿರುವುದು ಮೂರನೆಯದು. ದೂರು ನಾಲಿಗೆಯದು, ದೋಷ ಮೂಗಿನದು! ಪಾರ್ಕಿನ್ಸನ್ ರೋಗಿಗಳಲ್ಲಿ ಬಹುಪಾಲು ಜನರ ಘ್ರಾಣಶಕ್ತಿ ಕುಂದಿರುವುದು ಪರೀಕ್ಷೆಯಲ್ಲಿ ಕಂಡುಬಂದರೂ, ಅವರಲ್ಲಿ ಅನೇಕರಿಗೆ ಅದರ ಅರಿವೇ ಇರುವುದಿಲ್ಲ. ನಷ್ಟವು ಅಷ್ಟು ಮೆಲ್ಲಗೆ ಆಗಿರುತ್ತದೆ.

ಹಾಗಾದರೆ ಆ ಹಿರಿಯರಿಗೆ ಪಾರ್ಕಿನ್ಸನ್ ರೋಗವು ಬಂದೇ ಬರುವುದೆ? ಇಲ್ಲಿ ಲೆಕ್ಕವನ್ನು ಎಚ್ಚರದಿಂದ ಮಾಡಬೇಕು. ಹವಾಯಿಯ ಹೊನೊಲುಲುವಿನಲ್ಲಿ 2,267 ವೃದ್ಧ ಪುರುಷರ ಘ್ರಾಣಶಕ್ತಿಯನ್ನು ಅಳೆದು, ಅವರನ್ನು ಹಲವು ವರ್ಷ ಗಮನಿಸಲಾಯಿತು. ಫಲಿತಾಂಶವು 2008ರಲ್ಲಿ ಪ್ರಕಟವಾಯಿತು. ಅಂಕಗಳಲ್ಲಿ ಕೆಳಗಿನ ಕಾಲುಭಾಗದವರಿಗೆ, ಮೊದಲ ನಾಲ್ಕು ವರ್ಷಗಳಲ್ಲಿ, ಪಾರ್ಕಿನ್ಸನ್ ರೋಗದ ಸಂಭವವು ಉಳಿದವರಿಗಿಂತ ಬಹಳ ಹೆಚ್ಚಾಗಿತ್ತು. ಆದರೆ ಎಲ್ಲರಲ್ಲಿ ಸೇರಿ ರೋಗ ತಗಲಿದವರು 35 ಮಂದಿ ಮಾತ್ರ. ಕಾಲುಭಾಗವೆಂದರೆ ಸುಮಾರು 567 ಜನ. ಆ 35 ಮಂದಿಯೂ ಇವರಲ್ಲಿಯೇ ಇದ್ದರೆಂದು ಭಾವಿಸಿದರೂ, 530ಕ್ಕೂ ಹೆಚ್ಚು ಜನರು ರೋಗವಿಲ್ಲದೆ ಉಳಿದಂತಾಯಿತು. ಸಂಭವ ಹೆಚ್ಚಾಗುವುದು ಬೇರೆ, ರೋಗ ನಿಶ್ಚಿತವಾಗುವುದು ಬೇರೆ.

ವಾಸನೆ ಕೆಡಲು ಸಾಮಾನ್ಯವಾದ ಕಾರಣಗಳು ಬೇರೆಯೇ ಇವೆ: ನೆಗಡಿ, ಮೂಗಿನೊಳಗಿನ ದುರ್ಮಾಂಸ, ಮುಪ್ಪು. ತಲೆಗೆ ಪೆಟ್ಟು ಬಿದ್ದಾಗ ಜರಡಿಮೂಳೆಯ ತೂತುಗಳಲ್ಲಿ ಆ ಎಳೆಗಳು ಹರಿದುಹೋಗಬಹುದು. 2020ರಲ್ಲಿ ಹರಡಿದ ಕೋವಿಡ್ ರೋಗವು ಲಕ್ಷಾಂತರ ಜನರ ವಾಸನೆಯನ್ನು ಕಸಿಯಿತು. ಆದರೆ ಅಲ್ಲಿ ನಷ್ಟವು ಥಟ್ಟನೆ ಬಂದು, ಬಹುತೇಕರಲ್ಲಿ ಮತ್ತೆ ಸರಿಹೋಯಿತು. ಅಲ್ಜೀಮರನ ಮರೆವಿನ ರೋಗದಲ್ಲಿಯೂ ಘ್ರಾಣಶಕ್ತಿ ಮೊದಲೇ ಕುಂದುವುದುಂಟು. ಆದುದರಿಂದ ವೈದ್ಯರು ಮೊದಲು ಮೂಗಿನೊಳಗನ್ನು ನೋಡುತ್ತಾರೆ. ಅಲ್ಲಿ ಕಾರಣ ಕಾಣದಿದ್ದರೆ ಬೇರೆ ಪ್ರಶ್ನೆಗಳನ್ನು ಕೇಳುತ್ತಾರೆ: ಮಲಬದ್ಧತೆ ಬಹುಕಾಲದಿಂದ ಇದೆಯೆ? ಕನಸಿನಲ್ಲಿ ಕೂಗುವುದು, ಕೈಕಾಲು ಬೀಸಿ ಒದೆಯುವುದು ಉಂಟೆ? ಅಕ್ಷರಗಳು ಸಾಲಿನ ಕೊನೆಗೆ ಸಣ್ಣವಾಗುತ್ತಿವೆಯೆ? ನಡೆಯುವಾಗ ಒಂದು ತೋಳು ಬೀಸದೆ ನಿಲ್ಲುವುದೆ? ಮಂದವಾದ ಮೂಗಿನೊಡನೆ ಇಂತಹ ಲಕ್ಷಣಗಳು ಕೂಡಿಬಂದರೆ, ನರರೋಗ ತಜ್ಞರಲ್ಲಿಗೆ ಹೋಗುವುದು ಯೋಗ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅಂಥ ತಜ್ಞರಿದ್ದಾರೆ.

ಹಾಳಾಗುತ್ತಿರುವ ನರಕೋಶಗಳನ್ನು ಉಳಿಸಬಲ್ಲವೆಂದು ಸಿದ್ಧಪಟ್ಟ ಔಷಧವು ಇನ್ನೂ ನಮ್ಮ ಕೈಯಲ್ಲಿಲ್ಲ. ಅಂಥದು ದೊರೆತಾಗ ಅದನ್ನು ಕೊಡಬೇಕಾದ ಕಾಲವು ಕೈ ನಡುಗುವ ಮೊದಲಿನದು. ಏಕೆಂದರೆ ನಡುಕ ಕಾಣುವ ವೇಳೆಗೆ ಡೋಪಮೀನ್ ಕೋಶಗಳಲ್ಲಿ ದೊಡ್ಡದೊಂದು ಪಾಲು ಸತ್ತಿರುತ್ತದೆ. ಆ ಕಾಲವನ್ನು ಗುರುತಿಸಲು ಇರುವ ಅಗ್ಗದ ಉಪಾಯಗಳಲ್ಲಿ ಒಂದು ವಾಸನೆಯ ಪರೀಕ್ಷೆ. ಅದಕ್ಕೆ ಬೇಕಾದ ಇಂಗು, ಯಾಲಕ್ಕಿ, ಕಾಫಿಪುಡಿಗಳು ನಮ್ಮ ಅಡಿಗೆಮನೆಗಳಲ್ಲಿಯೇ ಇವೆ.